ಹೊಡೆತವಿಲ್ಲದ ಹಿಂಸೆ: ಗುರುತಿಸುವ ಬಗೆ, ಸಹಾಯ ಕೇಳುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನ್ನ ಹತ್ತಿರ ಮಾತಾಡಲು ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವಿರುತ್ತಾರೆ. ತಾಳಲಾರದೆ ಒಂದು ರಾತ್ರಿ ಗಂಡನ ಮುಖಕ್ಕೇ "ನಾಳೆ ಸ್ಟೇಷನ್ನಿಗೆ ಹೋಗ್ತೀನಿ" ಅಂದಿರುತ್ತಾರೆ. ಬೆಳಗಾಗುವಷ್ಟರಲ್ಲಿ ಫೋನ್ ಕೈತಪ್ಪಿರುತ್ತದೆ, ಬೀರುವಿನಲ್ಲಿದ್ದ ಆಧಾರ್ ಕಾರ್ಡ್ ಕಾಣುವುದಿಲ್ಲ, ತವರಿಗೆ "ನಿಮ್ಮ ಮಗಳಿಗೆ ತಲೆ ಸರಿ ಇಲ್ಲ" ಅಂತ ಕರೆ ಹೋಗಿರುತ್ತದೆ. ಸಂಜೆ ಹಿರಿಯರ ಪಂಚಾಯ್ತಿ. ಮರುದಿನ ಮತ್ತದೇ ಮನೆ, ಮೊದಲಿಗಿಂತ ಬಿಗಿ.

ಅವರು ಹೇಳಿದ ಮಾತು ತಪ್ಪಲ್ಲ, ಹೇಳಿದ ಹೊತ್ತು ತಪ್ಪು. ಕೊನೆಯಲ್ಲಿ ಆಗಬೇಕಾದ ಕೆಲಸ ಮೊದಲು ಆಗಿರುತ್ತದೆ. ಹಾಗಾಗಿ ಇಲ್ಲಿ ನಾನು ಕ್ರಮದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಉದಾಹರಣೆಗೆ ಸುಮಾಳ ಪ್ರಕರಣ ತೆಗೆದುಕೊಳ್ಳುತ್ತೇನೆ. ಹೆಸರು ಅವಳದಲ್ಲ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೊಸನಗರ ತಾಲ್ಲೂಕಿನ ಒಂಟಿ ಮನೆ, ರಸ್ತೆಗೆ ಒಂದೂವರೆ ಕಿಲೋಮೀಟರ್ ನಡಿಗೆ, ಮದುವೆಯಾಗಿ 9 ವರ್ಷ, ಇಬ್ಬರು ಮಕ್ಕಳು. ಗಂಡ ಒಂದು ದಿನವೂ ಕೈ ಎತ್ತಿದವನಲ್ಲ.

ಮುಂದೆ ಓದುವ ಮೊದಲು

ಕುತ್ತಿಗೆಗೆ ಕೈ ಹಾಕಿದ್ದರೆ, ಕತ್ತಿ ಅಥವಾ ಕೋವಿ ತೋರಿಸಿ ಹೆದರಿಸಿದ್ದರೆ, "ನಿನ್ನನ್ನೂ ಮಕ್ಕಳನ್ನೂ ಮುಗಿಸಿ ನಾನೂ ಸಾಯ್ತೀನಿ" ಅಂದಿದ್ದರೆ ಹಂತಗಳನ್ನು ಬಿಟ್ಟುಬಿಡಿ. ಮನೆಯಿಂದ ಹೊರಬಿದ್ದು 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ತುರ್ತು ಕರೆ ಹೋಗುವ ಸಾಧ್ಯತೆ ಇದೆ, ಪ್ರಯತ್ನಿಸಿ. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇರುತ್ತದೆ. ಜಗಳದ ಹೊತ್ತಿಗೇ ಅದನ್ನು ಗೋಡೆಯಿಂದ ಇಳಿಸಿ ಒರೆಸುತ್ತ ಕೂರುವುದು ಬೆದರಿಕೆಯೇ, ಬಾಯಲ್ಲಿ ಏನೂ ಹೇಳದಿದ್ದರೂ. ಕರೆ ಸ್ವೀಕರಿಸಿದವರಿಗೆ ಮನೆಯಲ್ಲಿ ಕೋವಿ ಇದೆ ಎಂಬುದನ್ನು ಮೊದಲೇ ತಿಳಿಸಿ.

## ಹಂತ 1: ಜಗಳವೋ, ಹಿಂಸೆಯೋ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆಯೇ ಇಲ್ಲಿ ದಾರಿ ತಪ್ಪಿಸುವುದು. ಜಗಳದಲ್ಲಿ ಇಬ್ಬರೂ ಕೂಗುತ್ತಾರೆ, ಇಬ್ಬರೂ ಒಂದಷ್ಟು ಸೋಲುತ್ತಾರೆ, ಮುಗಿದ ಮೇಲೆ ಇಬ್ಬರಿಗೂ ಮನೆಯಲ್ಲಿ ಓಡಾಡುವ ಧೈರ್ಯ ಇರುತ್ತದೆ. ಹಿಂಸೆಯಲ್ಲಿ ಒಬ್ಬರು ಮಾತ್ರ ಹೆದರುತ್ತಾರೆ. ಬೈಕಿನ ಸದ್ದು ಕೇಳಿದೊಡನೆ ಟಿವಿ ಆರಿಸಿ, ಮಕ್ಕಳನ್ನು ಸುಮ್ಮನಿರಿಸಿ, ಮುಖ ನೋಡಿ ಇವತ್ತು ಹೇಗಿದ್ದಾರೆ ಅಂತ ಅಳೆಯುತ್ತೀರಾದರೆ ಆ ಅಳತೆಯೇ ಮೊದಲ ಗುರುತು.

ಎರಡನೆಯದು ಮಾತು ಬಿಡುವುದು. ಎರಡು ದಿನ ಮುನಿಸಿಕೊಳ್ಳುವುದು ಎಲ್ಲ ಮನೆಯಲ್ಲೂ ಇದೆ. ವಾರಗಟ್ಟಲೆ ಒಂದು ಮಾತೂ ಆಡದೆ, ಬಡಿಸಿದ್ದನ್ನು ಮುಟ್ಟದೆ, ಬೇಕಾದ್ದನ್ನು ಮಗುವಿನ ಬಾಯಲ್ಲಿ ಹೇಳಿಸಿ, ನೀವೇ ಕಾಲಿಗೆ ಬೀಳುವ ತನಕ ಕಾಯುವುದು ಶಿಕ್ಷೆ. ಅದು ಮುಗಿಯುವುದು ಯಾವಾಗ ಎಂಬುದನ್ನು ಗಮನಿಸಿ. ನಿಮ್ಮ ಸಹಿ, ನಿಮ್ಮ ಒಡವೆ, ಇಲ್ಲವೇ ನಿಮ್ಮ ಒಪ್ಪಿಗೆ ಬೇಕಾದ ದಿನ ಮುಗಿದರೆ ಆ ಮೌನ ಸಿಟ್ಟಿನಿಂದ ಬಂದದ್ದಲ್ಲ.

ಮೂರನೆಯದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ನಿಮ್ಮ ನೆನಪಿನ ಮೇಲೇ ಕೈ ಇಡುತ್ತದೆ. "ನಾನು ಹಾಗೆ ಅಂದೇ ಇಲ್ಲ", "ನಿಂಗೆ ಮರೆವು", "ಇವಳಿಗೆ ಎಲ್ಲದೂ ತಪ್ಪಾಗಿ ಕೇಳ್ತದೆ". ವರ್ಷಗಟ್ಟಲೆ ಇದನ್ನು ಕೇಳಿದವರು ನನ್ನೆದುರು ಕೂತು ಪ್ರತಿ ವಾಕ್ಯಕ್ಕೂ "ನಂಗೇ ಸರಿಯಾಗಿ ಗೊತ್ತಿಲ್ಲ" ಎಂದು ಸೇರಿಸುತ್ತಾರೆ. ಆ ಬಾಲ ಕೇಳಿದ ಕೂಡಲೇ ನನಗೆ ಅರ್ಧ ವಿಷಯ ತಿಳಿಯುತ್ತದೆ.

ಹಣದ ಗುರುತು ನಮ್ಮ ಕಡೆ ಈಗ ಬೇರೆ ರೂಪದಲ್ಲಿ ಕಾಣುತ್ತಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಹೆಂಡತಿಯ ಖಾತೆಗೆ, ಆದರೆ ಎಟಿಎಂ ಕಾರ್ಡು ಗಂಡನ ಪರ್ಸಿನಲ್ಲಿ. ಸಂಘದ ಸಾಲ ಹೆಂಡತಿಯ ಹೆಸರಲ್ಲಿ, ದುಡ್ಡು ಗಂಡನ ಕೈಯಲ್ಲಿ, ಕಂತಿನ ವಾರ ಬೈಗುಳ ಮಾತ್ರ ಹೆಂಡತಿಗೆ.

ಇದಕ್ಕೆಲ್ಲ ಕಾನೂನಿನಲ್ಲಿ ಹೆಸರಿದೆಯೇ ಅಂತ ಕೇಳುತ್ತಾರೆ. ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 3ನೇ ಕಲಮು ದೈಹಿಕ ಮತ್ತು ಲೈಂಗಿಕ ದೌರ್ಜನ್ಯದ ಜೊತೆಗೆ ಮಾತಿನ ಮತ್ತು ಭಾವನಾತ್ಮಕ ದೌರ್ಜನ್ಯವನ್ನೂ ಆರ್ಥಿಕ ದೌರ್ಜನ್ಯವನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಮಕ್ಕಳಾಗಲಿಲ್ಲ, ಗಂಡುಮಗು ಆಗಲಿಲ್ಲ ಎಂದು ಹಂಗಿಸುವುದು ಅದರಲ್ಲಿ ಸ್ಪಷ್ಟವಾಗಿ ಬರೆದಿರುವ ಮಾತು. ನಿಮಗೆ ಬೇಕಾದವರಿಗೆ ಹೊಡೆಯುತ್ತೇನೆಂದು ಮತ್ತೆ ಮತ್ತೆ ಹೆದರಿಸುವುದೂ ಅದರಲ್ಲಿದೆ. ಮೈಮೇಲೆ ಗಾಯ ತೋರಿಸಬೇಕಾಗಿಲ್ಲ.

(ಇದೇ ಹಿಂಸೆ ಅನುಭವಿಸುವ ಗಂಡಸರೂ ಇದ್ದಾರೆ. ಈ ಕಾಯ್ದೆಯಡಿ ಅರ್ಜಿ ಹಾಕಲು ಅವರಿಗೆ ಬರುವುದಿಲ್ಲ. ಆದರೆ ಕೆಳಗಿನ 2ರಿಂದ 4ನೇ ಹಂತ ಅವರಿಗೂ ಅನ್ವಯಿಸುತ್ತದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಎಲ್ಲರಿಗೂ ಇದೆ.)

## ಹಂತ 2: ಯಾರಿಗೂ ಹೇಳುವ ಮೊದಲು ಬರೆದಿಡಿ

ಬೇಕಾದ್ದು ಒಂದು ಪೆನ್ನು, ಮನೆಯಲ್ಲಿ ಯಾರೂ ತೆರೆದು ನೋಡದ ಒಂದು ಪುಸ್ತಕ. ಹೊಸ ಡೈರಿ ತರಬೇಡಿ, ಹೊಸ ವಸ್ತು ಕಣ್ಣಿಗೆ ಬೀಳುತ್ತದೆ. ಸುಮಾ ಬರೆದದ್ದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ. ಡೈರಿಗೆ ಹಾಲು ಹಾಕುವುದು ಅವಳದೇ ಕೆಲಸವಾದ್ದರಿಂದ ಆ ಪುಸ್ತಕ ಅವಳ ಕೈಯಲ್ಲಿ ಇರುವುದು ಸಹಜ.

ಏನು ಬರೆಯಬೇಕು ಎಂಬಲ್ಲಿ ಹೆಚ್ಚಿನವರು ತಪ್ಪುತ್ತಾರೆ. "ತುಂಬಾ ನೋವಾಯ್ತು, ಈ ಜೀವನ ಸಾಕು" ಅಂತ ಪುಟಗಟ್ಟಲೆ ಬರೆದುಕೊಂಡು ಬರುತ್ತಾರೆ. ಅದರಿಂದ ಮನಸ್ಸು ಹಗುರಾಗಬಹುದು, ಅರ್ಜಿಗೆ ಅಷ್ಟು ಉಪಯೋಗವಿಲ್ಲ. "ಸಾಕು" ಎಂಬ ಮಾತನ್ನೇ ಹಿಡಿದು ಅವಳಿಗೆ ಮಾನಸಿಕ ಸ್ಥಿಮಿತ ಇಲ್ಲ ಎಂದು ವಾದಿಸುವವರೂ ಇದ್ದಾರೆ. ದಿನಾಂಕ, ಜಾಗ, ಆಡಿದ ಮಾತು ಆಡಿದ ಹಾಗೆಯೇ, ಎದುರಿಗೆ ಯಾರಿದ್ದರು, ಆಮೇಲೆ ಏನಾಯಿತು. ಇಷ್ಟು ಸಾಕು. ಸುಮಾಳ ಒಂದು ಪುಟ ಹೀಗಿತ್ತು:

"ಮೇ 4. ಮದುವೆಮನೆಯಲ್ಲಿ ಭಾವ ಹೇಳಿದ ತಮಾಷೆಗೆ ನಕ್ಕೆ. ವಾಪಸು ಬರುವಾಗ ಕಾರಲ್ಲಿ, ಹಲ್ಲು ಕಿಸಿಯೋಕೆ ಕರ್ಕೊಂಡು ಹೋಗಿದ್ನಾ ಅಂದರು. ಅತ್ತೆ ಹಿಂದೆ ಕೂತಿದ್ದರು. ಅವತ್ತಿಂದ ಮಾತಿಲ್ಲ. ಕಾಫಿ ಬೇಕಾದ್ರೆ ಮಗಳ ಹತ್ರ ಹೇಳಿಸ್ತಾರೆ. ಮೇ 25ಕ್ಕೆ ಮಾತಾಡಿದರು. ಸಂಘದ ಸಾಲಕ್ಕೆ ನನ್ನ ಸಹಿ ಬೇಕಿತ್ತು."

ಇಷ್ಟರಲ್ಲೇ ಕಾಯ್ದೆ ಹೇಳುವ ಎರಡು ಬಗೆಯ ದೌರ್ಜನ್ಯ ಇದೆ, ಸಾಕ್ಷಿ ಇದ್ದಾರೆ, 21 ದಿನದ ಲೆಕ್ಕ ಇದೆ. ಮೂರು ತಿಂಗಳು ಬರೆದ ಮೇಲೆ ಅವಳಿಗೇ ಒಂದು ವಿಷಯ ಕಂಡಿತು: ತವರಿನಿಂದ ಯಾರಾದರೂ ಬಂದುಹೋದ ಮರುದಿನ ತಪ್ಪದೆ ಒಂದು ರಂಪ. ಅದುವರೆಗೂ ಅವಳು ತನ್ನ ಅಡುಗೆಯದೋ ಮಾತಿನದೋ ತಪ್ಪು ಅಂದುಕೊಂಡಿದ್ದಳು.

ಬರೆಯುವುದೂ ಅಪಾಯ ಅನಿಸಿದರೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಡಿ. ಹಾಲು ಬಂದ ದಿನ, ಗ್ಯಾಸ್ ಬಂದ ದಿನ ಬರೆಯುವ ಜಾಗ ಅದು, ಚುಕ್ಕಿಗೆ ಯಾರೂ ಅರ್ಥ ಕೇಳುವುದಿಲ್ಲ. ವಿವರವನ್ನು ನಂಬಿದವರ ಮನೆಯಲ್ಲಿ ಆಮೇಲೆ ಬರೆಯಬಹುದು.

ಧ್ವನಿ ಮುದ್ರಣದ ಬಗ್ಗೆ ಒಂದು ಮಾತು. ಗಂಡ ಹೆಂಡತಿ ಗುಟ್ಟಾಗಿ ಮುದ್ರಿಸಿಕೊಂಡ ಮಾತುಕತೆಯನ್ನು ವಿವಾಹ ಸಂಬಂಧಿ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದರೆ ಕೋರ್ಟು ಒಪ್ಪುವುದು ಬೇರೆ, ಮನೆಯಲ್ಲಿ ಸಿಕ್ಕಿಬೀಳುವುದು ಬೇರೆ. ಈಗಿನ ಎಷ್ಟೋ ಫೋನುಗಳಲ್ಲಿ ಕರೆ ರೆಕಾರ್ಡ್ ಒತ್ತಿದ ಕೂಡಲೇ ಎರಡೂ ಕಡೆಯವರಿಗೆ ಕೇಳುವಂತೆ ಘೋಷಣೆ ಬರುತ್ತದೆ. ಇದು ತಿಳಿಯದೆ ಒತ್ತಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ. ವಾಟ್ಸಾಪಿನಲ್ಲಿ ಬಂದ ಬೈಗುಳ, ಧ್ವನಿ ಸಂದೇಶ ಇದ್ದರೆ ಅಳಿಸದೆ ಇಟ್ಟುಕೊಳ್ಳಿ, ಅದು ಅವರೇ ಕಳಿಸಿದ್ದು.

## ಹಂತ 3: ನಿಮ್ಮ ಫೋನ್ ನಿಮ್ಮದೇನಾ ಎಂದು ನೋಡಿ

ಸಹಾಯವಾಣಿಗೆ ಕರೆ ಮಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಬಹಳ ಜನ ಹಾರಿ ಹೋಗುವುದೂ ಇದನ್ನೇ.

ವಾಟ್ಸಾಪಿನ ಮೂರು ಚುಕ್ಕಿಯ ಮೆನುವಿನಲ್ಲಿ ಅಥವಾ ಸೆಟ್ಟಿಂಗಿನಲ್ಲಿ `Linked devices` ತೆರೆಯಿರಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿ ಕಂಡರೆ ನಿಮ್ಮ ಮಾತೆಲ್ಲ ಇನ್ನೊಬ್ಬರ ಪರದೆಯ ಮೇಲೂ ತೆರೆದಿದೆ ಎಂದರ್ಥ. ಗೂಗಲ್ ಮ್ಯಾಪ್ಸಿನಲ್ಲಿ `Location sharing` ನೋಡಿ. ಫೋನ್ ಕೊಡಿಸಿದ ದಿನ ಗಂಡನೇ ಜಿಮೇಲ್ ಹಾಕಿಕೊಟ್ಟಿದ್ದರೆ ನೀವು ತೆಗೆದ ಫೋಟೋ, ಹುಡುಕಿದ ವಿಷಯ ಅವನ ಫೋನಿನಲ್ಲೂ ಕಾಣಬಹುದು.

ಇನ್ನು ಎಲ್ಲರೂ ಮಾಡುವ ತಪ್ಪು: ಕಂಡ ಕೂಡಲೇ ಎಲ್ಲವನ್ನೂ ಲಾಗೌಟ್ ಮಾಡುವುದು, ಹೊಸ ಪಾಸ್‌ವರ್ಡ್ ಹಾಕುವುದು. ನೋಡುತ್ತಿದ್ದವನಿಗೆ ಅದೇ ಸೂಚನೆಯಾಗುತ್ತದೆ. ಹಾಗೇ ಬಿಡಿ. ಆ ಫೋನಿನಲ್ಲಿ ಅತ್ತೆಯ ಮಾತ್ರೆ, ಧಾರಾವಾಹಿ, ಮಕ್ಕಳ ಹೋಂವರ್ಕ್ ಎಂದಿನಂತೆ ನಡೆಯಲಿ. ಸಹಾಯದ ಮಾತಿಗೆಲ್ಲ ಬೇರೆ ಫೋನ್ ಬಳಸಿ: ಗೆಳತಿಯದು, ತವರಿನದು, ಶಾಲೆಯ ಟೀಚರದು. ಮಹಿಳಾ ಸಹಾಯವಾಣಿ 181 ಉಚಿತ ಕರೆಯಾದ್ದರಿಂದ ದುಡ್ಡು ಕತ್ತರಿಸುವುದಿಲ್ಲ, ಆದರೆ ಕರೆಗಳ ಪಟ್ಟಿಯಲ್ಲಿ ಕೂರುತ್ತದೆ. ನಿಮ್ಮ ಫೋನಿನಿಂದಲೇ ಮಾಡಬೇಕಾಗಿ ಬಂದರೆ ಆ ಒಂದು ಸಾಲನ್ನು ಮಾತ್ರ ಅಳಿಸಿ. ಪಟ್ಟಿ ಪೂರ್ತಿ ಖಾಲಿ ಇದ್ದರೆ ಅದೂ ಅನುಮಾನವೇ.

ನಮ್ಮ ಕಡೆಯ ಇನ್ನೊಂದು ತೊಡಕು ನೆಟ್‌ವರ್ಕ್. ಮನೆಯೊಳಗೆ ಸಿಗ್ನಲ್ ಇಲ್ಲ, ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ ಎರಡು ಕಡ್ಡಿ. ಅಲ್ಲಿ ನಿಂತು ಮಾತಾಡಿದರೆ ತೋಟದಲ್ಲಿರುವ ಎಲ್ಲರಿಗೂ ಕಾಣುತ್ತೀರಿ. ಸುಮಾ ತನ್ನ ಮೊದಲ ಕರೆಯನ್ನು ಮಗನಿಗೆ ಲಸಿಕೆ ಹಾಕಿಸಲು ಹೋದ ದಿನ ಅಲ್ಲೇ ಸಿಕ್ಕ ತನ್ನ ಗೆಳತಿಯ ಫೋನಿನಿಂದ ಮಾಡಿದಳು. ಮಾತು ಎಂಟು ನಿಮಿಷದಲ್ಲಿ ಮುಗಿಯಿತು.

## ಹಂತ 4: ಒಬ್ಬರಿಗೆ ಹೇಳಿ, ಒಬ್ಬರಿಗೇ ಹೇಳಿ

ಮೊದಲು ಯಾರಿಗೆ ಹೇಳುತ್ತೀರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ತಾಯಿಗೆ ಹೇಳಬೇಕೆನಿಸುವುದು ಸಹಜ. ಆದರೆ ತಾಯಿ ಆ ರಾತ್ರಿಯೇ ಅಣ್ಣನಿಗೆ ಹೇಳಿ, ಅಣ್ಣ ಬೈಕು ಹತ್ತಿ ಬಂದು ಅಂಗಳದಲ್ಲಿ ನಿಂತು ಕೂಗಾಡಿ ಹೋದರೆ ಉಳಿಯುವುದು ನೀವೊಬ್ಬರೇ. ಪ್ರೀತಿ ಇರುವವರಿಗಿಂತ ಗುಟ್ಟು ಕಾಯುವವರನ್ನು ಆರಿಸಿ. ಸಣ್ಣ ಪರೀಕ್ಷೆ ಇದೆ: ಹಿಂಸೆಗೆ ಸಂಬಂಧವಿಲ್ಲದ ಒಂದು ಚಿಕ್ಕ ವಿಷಯ ಹೇಳಿ "ಯಾರಿಗೂ ಹೇಳ್ಬೇಡ" ಅನ್ನಿ. ಹದಿನೈದು ದಿನದಲ್ಲಿ ಅದು ಬೇರೆ ಬಾಯಿಂದ ನಿಮ್ಮ ಕಿವಿಗೆ ಬಂದರೆ ಉತ್ತರ ಸಿಕ್ಕಿತು.

ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಒಳ್ಳೆಯ ದಾರಿಯೇ. ಅಂಗನವಾಡಿಗೆ ಹೋಗಿಬರುವುದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ. ಆದರೆ ಸಣ್ಣ ಊರು. ಸುಮಾಳ ಊರಿನ ಕಾರ್ಯಕರ್ತೆ ಗಂಡನ ದೊಡ್ಡಪ್ಪನ ಮಗಳು. ಅದಕ್ಕೇ ಅವಳು ಪಕ್ಕದ ಹಳ್ಳಿಯಲ್ಲಿದ್ದ, ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿಯನ್ನು ಆರಿಸಿಕೊಂಡಳು.

ಹೇಳುವಾಗ ನಿಮಗೆ ಏನು ಬೇಕು, ಏನು ಬೇಡ ಎರಡನ್ನೂ ಬಿಡಿಸಿ ಹೇಳಿ. ಸುಮಾ ಹೇಳಿದ್ದು ಹೀಗೆ: "ಈಗ ಯಾರಿಗೂ ಹೇಳ್ಬೇಡ ಮಾರಾಯ್ತಿ. ನೀನಾಗೇ ಫೋನ್ ಮಾಡ್ಬೇಡ. ನನ್ನ ಒಂದು ಕವರ್ ನಿನ್ನ ಬೀರುವಲ್ಲಿಟ್ಕೋ. ನಾನು ಮೆಸೇಜ್ ಹಾಕಿದ ದಿನ ಮಾತ್ರ ಬಾ."

ಆ ಮೆಸೇಜಿಗೆ ಗುರುತಿನ ಮಾತು ಗೊತ್ತು ಮಾಡಿಕೊಳ್ಳಿ. ಇವರಿಬ್ಬರು ಮೊದಲು ಆರಿಸಿದ್ದು "ಅಪ್ಪೆಮಿಡಿ ಸಿಕ್ತಾ?" ಎಂಬ ಪ್ರಶ್ನೆ. ನಾನೇ ಬೇಡ ಅಂದೆ. ಮಿಡಿಯ ಕಾಲ ಬೇಸಿಗೆಯಲ್ಲಿ ಮುಗಿಯುತ್ತದೆ, ಆಷಾಢದ ಮಳೆಯಲ್ಲಿ ಅದನ್ನು ಕೇಳಿದರೆ ಮಲೆನಾಡಿನ ಯಾವ ಗಂಡಸಿಗೂ ಅನುಮಾನ ಬಂದೀತು. ಕೊನೆಗೆ "ಹೆಪ್ಪಿಗೆ ಮೊಸರಿದ್ಯಾ?" ಎಂದಾಯಿತು. ವರ್ಷವಿಡೀ ನಡೆಯುವ ಮಾತು.

ಮಾತಾಡುವವರು ಯಾರೂ ಇಲ್ಲವೆಂದರೆ 14416 ಟೆಲಿ ಮಾನಸ್ ಇದೆ, ಕನ್ನಡದಲ್ಲಿ, ಹಗಲು ರಾತ್ರಿ. ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಸಾಯುವ ಯೋಚನೆ ಇದ್ದರೆ ಇದನ್ನೇ ಮೊದಲ ಕರೆ ಮಾಡಿ. ಬೇರೆಲ್ಲ ಹಂತ ಆಮೇಲೆ.

## ಹಂತ 5: ಕಾಗದ ಮತ್ತು ದುಡ್ಡು

ಮೂಲ ಕಾಗದಗಳನ್ನು ಒಂದೇ ದಿನ ಎತ್ತಬೇಡಿ, ಖಾಲಿಯಾದ ಜಾಗ ತಾನಾಗಿ ಮಾತಾಡುತ್ತದೆ. ಮೊದಲು ಜೆರಾಕ್ಸ್: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಕರೆಯೋಲೆ ಮತ್ತು ಒಂದೆರಡು ಫೋಟೋ. ಒಡವೆ ಹಾಕಿಕೊಂಡ ಫೋಟೋ ಇದ್ದರೆ ಅದು ನಿಮ್ಮ ಸ್ತ್ರೀಧನದ ಪಟ್ಟಿಯೇ ಆಗುತ್ತದೆ. "ಶಾಲೆಗೆ ಕೊಡಬೇಕು", "ಬ್ಯಾಂಕಿನವರು ಕೇಳಿದ್ದಾರೆ" ಎಂಬ ಕಾರಣಕ್ಕೆ ಜೆರಾಕ್ಸ್ ತೆಗೆಸುವುದು ಯಾವ ಮನೆಯಲ್ಲೂ ಹೊಸದಲ್ಲ. ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಗೆಳತಿಗೆ ಕೊಡಿ, ಮಳೆಗಾಲದಲ್ಲಿ ಬರೀ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ.

ಹೊಸ ಬ್ಯಾಂಕ್ ಖಾತೆ ತೆರೆಯುವಾಗ ಒಂದು ಬಲೆ ಇದೆ. ಅರ್ಜಿಯಲ್ಲಿ ಸರ್ಕಾರದ ಸಹಾಯಧನಕ್ಕಾಗಿ ಆಧಾರ್ ಜೋಡಿಸಬೇಕೇ ಎಂದು ಕೇಳುತ್ತಾರೆ. ಹೌದೆಂದರೆ ಗೃಹಲಕ್ಷ್ಮಿ ಹಣ ಆ ತಿಂಗಳಿಂದಲೇ ಹೊಸ ಖಾತೆಗೆ ಹೋಗಬಹುದು. ಹಳೆಯ ಖಾತೆಯ ಕಾರ್ಡು ಹಿಡಿದವನಿಗೆ ದುಡ್ಡು ನಿಂತದ್ದು ತಿಳಿಯುತ್ತದೆ. ಮನೆಯಿಂದ ಸುರಕ್ಷಿತವಾಗಿ ಹೊರಬರುವ ತನಕ ಆ ಜೋಡಣೆ ಬೇಡ ಎಂದು ಬಾಯಿಬಿಟ್ಟು ಹೇಳಿ. ಖಾತೆಗೆ ಕೊಡುವ ಮೊಬೈಲ್ ನಂಬರೂ ಗಂಡನದಾಗಿರಬಾರದು. ಎಷ್ಟೋ ಮನೆಗಳಲ್ಲಿ ಹೆಂಡತಿಯ ಆಧಾರಿಗೂ ಗಂಡನ ನಂಬರೇ ಜೋಡಿಸಿರುತ್ತದೆ, ಒಟಿಪಿ ಎಲ್ಲ ಅವನಿಗೇ ಹೋಗುತ್ತದೆ.

ಕೈಯಲ್ಲಿ ಒಂದಿಷ್ಟು ನಗದು ಇರಲಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಎಷ್ಟೋ ಹಳ್ಳಿಯ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರ ಕಂಡಕ್ಟರಿಗೆ ಪ್ರತಿ ಸ್ಟಾಪಿನ ಪ್ರತಿ ಮನೆಯೂ ಗೊತ್ತು. ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ಲೆಕ್ಕದಲ್ಲಿಡಿ.

## ಹಂತ 6: ಯಾರ ಬಾಗಿಲು ತಟ್ಟಬೇಕು

181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು, ಸಖಿ ಒನ್ ಸ್ಟಾಪ್ ಸೆಂಟರ್ ಎಲ್ಲಿದೆ ಎಂದು ಕೇಳಿ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಜನ ಸಿಡಿಪಿಓ ಎಂದು ಕರೆಯುವವರೇ, ಸಂರಕ್ಷಣಾಧಿಕಾರಿಯೂ ಹೌದು. ಸಖಿ ಕೇಂದ್ರದಲ್ಲಿ ಆಪ್ತಸಲಹೆ, ಕಾನೂನು ನೆರವು, ಪೊಲೀಸ್ ಮತ್ತು ವೈದ್ಯಕೀಯ ಸಹಾಯ, ಜೊತೆಗೆ ಕೆಲವು ದಿನ ತಂಗುವ ವ್ಯವಸ್ಥೆ ಇರುತ್ತದೆ.

ವಕೀಲರ ಫೀಸಿಗೆ ಹೆದರಿ ನಿಂತವರು ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಮನೆಯ ಹೆಸರಲ್ಲಿ ಹತ್ತು ಎಕರೆ ತೋಟ ಇದ್ದರೂ ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಫೋನಿನಲ್ಲಿ ಕೇಳಲು 15100.

ಮೊದಲ ಭೇಟಿಯಲ್ಲಿ ಎರಡು ಮಾತು ಮುಂಚೆಯೇ ಹೇಳಿ. ಒಂದು, "ನಾನು ಸಲಹೆ ಕೇಳೋಕೆ ಬಂದಿದ್ದೇನೆ, ದೂರು ಇನ್ನೂ ಕೊಟ್ಟಿಲ್ಲ." ಎರಡು, "ನನ್ನ ಗಂಡನಿಗೆ ಈಗ ಫೋನ್ ಮಾಡ್ಬೇಡಿ." ಎರಡನೆಯದನ್ನು ಹೇಳದಿದ್ದರೆ ಒಳ್ಳೆಯ ಮನಸ್ಸಿನ ಅಧಿಕಾರಿಗಳೇ "ಇಬ್ಬರನ್ನೂ ಕೂರಿಸಿ ಮಾತಾಡೋಣ" ಎಂದು ಅಲ್ಲೇ ಫೋನ್ ಎತ್ತುವುದಿದೆ. ಭಯ ಇರುವ ಮನೆಯ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಹೆದರಿದವರು ಸತ್ಯ ಹೇಳುವುದಿಲ್ಲ, ಹೇಳಿದರೆ ಅದರ ಬೆಲೆ ಮನೆಗೆ ಹೋದ ಮೇಲೆ ತೆರಬೇಕು. ಸುಮಾ ಕೆವೈಸಿ ನೆಪದಲ್ಲಿ ತಾಲ್ಲೂಕಿಗೆ ಬಂದ ದಿನ ಹಾಲಿನ ಪುಸ್ತಕವನ್ನೇ ಚೀಲದಲ್ಲಿ ತಂದಿದ್ದಳು. ಅಧಿಕಾರಿ ಹನ್ನೊಂದು ಪುಟ ಓದಿ, ಮೊದಲು ಕೇಳಿದ್ದು "ಇದನ್ನ ಬೇರೆ ಯಾರಾದ್ರೂ ನೋಡಿದಾರಾ?" ಅಂತ.

ಸಂರಕ್ಷಣಾಧಿಕಾರಿ ಬರೆಯುವುದು ಕೌಟುಂಬಿಕ ಘಟನೆಯ ವರದಿ. ಅದು ಎಫ್ಐಆರ್ ಅಲ್ಲ, ಅದರಿಂದಲೇ ಯಾರನ್ನೂ ಬಂಧಿಸುವುದಿಲ್ಲ. "ಕಂಪ್ಲೇಂಟ್ ಕೊಟ್ರೆ ಗಂಡ ಜೈಲಿಗೆ ಹೋಗ್ತಾನೆ, ಮಕ್ಕಳ ಗತಿ?" ಎಂದು ಹಿಂದೆ ಸರಿಯುವವರು ಈ ವ್ಯತ್ಯಾಸ ತಿಳಿಯಬೇಕು. ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿಯಲ್ಲಿ ನೀವು ಕೇಳುವುದು ಆದೇಶ: ಹಿಂಸೆ ನಿಲ್ಲಿಸಬೇಕು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಹಣ ಕೊಡಬೇಕು, ಮಕ್ಕಳು ಸದ್ಯಕ್ಕೆ ನನ್ನ ಬಳಿ ಇರಬೇಕು. ವಿಚ್ಛೇದನ ಕೇಳಬೇಕೆಂದೇನೂ ಇಲ್ಲ. ಮನೆ ಮಾವನ ಹೆಸರಲ್ಲಿದೆ, ನನಗೇನು ಹಕ್ಕು ಎಂಬ ಪ್ರಶ್ನೆ ನಮ್ಮ ಅವಿಭಕ್ತ ಮನೆಗಳಲ್ಲಿ ಬಂದೇ ಬರುತ್ತದೆ. ಸೊಸೆ ಸಂಸಾರ ಮಾಡಿದ ಮನೆ ಗಂಡನ ಬಂಧುಗಳ ಹೆಸರಲ್ಲಿದ್ದರೂ ಅದು ಈ ಕಾಯ್ದೆಯ ಪ್ರಕಾರ ಹಂಚಿಕೊಂಡ ಮನೆ ಆಗಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದರಿಂದ ಆಸ್ತಿಯ ಒಡೆತನ ಬರುವುದಿಲ್ಲ, ವಾಸದ ರಕ್ಷಣೆ ಸಿಗುತ್ತದೆ.

## ಹಂತ 7: ನೋಟಿಸ್ ಬರುವ ದಿನ ನೀವೆಲ್ಲಿರುತ್ತೀರಿ?

ಸಹಿ ಹಾಕುವ ಮೊದಲು ಈ ಪ್ರಶ್ನೆಗೆ ಉತ್ತರ ಇರಬೇಕು. ಅರ್ಜಿ ಗುಟ್ಟಾಗಿ ಉಳಿಯುವುದಿಲ್ಲ. ಕೋರ್ಟಿನ ನೋಟಿಸನ್ನು ಸಂರಕ್ಷಣಾಧಿಕಾರಿ ಸಾಮಾನ್ಯವಾಗಿ ಎರಡು ದಿನದೊಳಗೆ ಮುಟ್ಟಿಸಬೇಕು ಎಂದಿದೆ. ಹೆಂಡತಿ ಕೈಮೀರಿದಳು ಎಂದು ಗಂಡನಿಗೆ ತಿಳಿಯುವ ಹೊತ್ತು ಅದು, ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ಅದುವರೆಗೆ ಕೈ ಎತ್ತದವನು ಅಂದು ಎತ್ತಬಹುದು.

ಇಲ್ಲಿ ಕಾಯ್ದೆಯ 27ನೇ ಕಲಮು ಕೈ ಹಿಡಿಯುತ್ತದೆ. ನೀವು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಸುಮಾಳ ತವರು ಶಿಕಾರಿಪುರ ತಾಲ್ಲೂಕು. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪ್ರತಿ ವರ್ಷದ ರೂಢಿ. ಅವಳೂ ಎಂದಿನಂತೆ ಎರಡೇ ಚೀಲ ಹಿಡಿದು ಮಕ್ಕಳೊಂದಿಗೆ ಹೋದಳು. ಕಾಗದದ ಕವರು ಅದಾಗಲೇ ಗೆಳತಿಯ ಕೈಯಿಂದ ಅಲ್ಲಿಗೆ ತಲುಪಿತ್ತು. ಮಕ್ಕಳಿಗೆ ಏನೂ ಹೇಳಿರಲಿಲ್ಲ. ಮಕ್ಕಳಿಗೆ ಗುಟ್ಟು ಹೊರಿಸಬೇಡಿ, ಅವರು ಹೇಳಿಬಿಡುತ್ತಾರೆ, ಆಮೇಲೆ ತಮ್ಮಿಂದಲೇ ಆಯಿತೆಂದು ಕೊರಗುತ್ತಾರೆ. ತವರಿನವರಿಗೆ ಹೇಳಿದ್ದು ಹಬ್ಬದ ಮರುದಿನ, ಅರ್ಜಿ ಹಾಕಿದ್ದು ನಾಲ್ಕನೇ ದಿನ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು, ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅಷ್ಟು ಬೇಗ ಅಲ್ಲ. ಅದಕ್ಕೇ ಅರ್ಜಿಯ ಜೊತೆಯಲ್ಲೇ ಮಧ್ಯಂತರ ಆದೇಶ ಕೇಳಿ ಎಂದು ವಕೀಲರಿಗೆ ನೆನಪಿಸಿ. ಸುಮಾಳಿಗೆ ಅದು ಸಿಕ್ಕಿದ್ದು ಏಳನೇ ವಾರ.

## ಹಂತ 8: ರಾಜಿಗೆ ಬಂದಾಗ, ವಾಪಸು ಹೋಗುವಾಗ

ನೋಟಿಸ್ ಮುಟ್ಟಿದ ಮೂರನೇ ದಿನಕ್ಕೆ ಹಿರಿಯರು ಬರುತ್ತಾರೆ. ಕಣ್ಣೀರು, ದೇವರ ಮೇಲಿನ ಆಣೆ, "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ". ಬಂದವರಿಗೆ ಕಾಫಿ ಕೊಡಿ, ಕೇಸು ಹಿಂದೆಗೆದುಕೊಳ್ಳುವ ಕಾಗದಕ್ಕೆ ಸಹಿ ಕೊಡಬೇಡಿ. ವಾಪಸು ಹೋಗುವ ಮನಸ್ಸಿದ್ದರೆ ಷರತ್ತುಗಳು ಕೋರ್ಟಿನ ಆದೇಶದಲ್ಲಿ ಬರೆದಿರಲಿ. ಊರವರ ಮಾತಿನಲ್ಲಿ ಮಾತ್ರ ಇದ್ದರೆ ಅದನ್ನು ಮುರಿದ ದಿನ ನೀವು ಯಾರನ್ನೂ ಕೇಳುವಂತಿರುವುದಿಲ್ಲ. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

"ನೀನು ಬರದಿದ್ರೆ ತೋಟಕ್ಕೆ ಹೊಡೆಯೋ ಔಷಧಿ ಕುಡೀತೀನಿ" ಎಂಬ ಮಾತು ಬಂದರೆ ಓಡಿ ಹೋಗಬೇಡಿ, ಸುಮ್ಮನೂ ಇರಬೇಡಿ. 112ಕ್ಕೆ ತಿಳಿಸಿ, ಅವನ ಮನೆಯವರಿಗೂ ತಿಳಿಸಿ. ಅವನ ಪ್ರಾಣಕ್ಕೆ ಅದೇ ಸರಿಯಾದ ಸಹಾಯ, ನಿಮ್ಮ ಪ್ರಾಣಕ್ಕೂ.

ಸುಮಾ ವಾಪಸು ಹೋಗಲು ಡಿಸೆಂಬರ್ ಆರಿಸಿದಳು. ಅಡಿಕೆ ಸುಲಿಯುವ ಕಾಲ, ರಾತ್ರಿಯವರೆಗೂ ಹತ್ತು ಜನ ಅಂಗಳದಲ್ಲಿರುತ್ತಾರೆ. ಮೊದಲ ಕೆಲವು ವಾರದಲ್ಲಿ ಮನೆ ತುಂಬ ಜನ ಇರುವುದು ಒಳ್ಳೆಯದು ಎಂದು ಅವಳೇ ಯೋಚಿಸಿದ್ದು. ಆ ವಾರಗಳು ಹೇಗೂ ಸಿಹಿಯಾಗಿಯೇ ಇರುತ್ತವೆ, ಅದನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ನೋಡಬೇಕಾದ್ದು ಕೆಲಸದವರು ಹೋದ ಮೇಲಿನ ತಿಂಗಳುಗಳನ್ನು: ಎಟಿಎಂ ಕಾರ್ಡು ಯಾರ ಕೈಯಲ್ಲಿದೆ, ತವರಿಗೆ ಮಾಡುವ ಕರೆಗೆ ಲೆಕ್ಕ ಕೇಳುತ್ತಾರಾ, ಮಗುವಿನ ಬಾಯಲ್ಲಿ ಕಾಫಿ ಕೇಳಿಸುವುದು ಮತ್ತೆ ಶುರುವಾಗಿದೆಯಾ.

ಆದೇಶದ ಪ್ರತಿ ಎರಡೂ ಕಡೆಯವರಿಗೆ ಮತ್ತು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಉಚಿತವಾಗಿ ಹೋಗುತ್ತದೆ. ವಾಪಸಾಗುವ ವಾರ ಠಾಣೆಗೆ ಒಮ್ಮೆ ಹೋಗಿ ಪ್ರತಿ ಬಂದಿದೆಯೇ ಎಂದು ಕೇಳಿಕೊಳ್ಳಿ, ಠಾಣೆಯ ಲ್ಯಾಂಡ್‌ಲೈನ್ ನಂಬರನ್ನೂ ಕೇಸಿನ ನಂಬರನ್ನೂ ಬಾಯಿಪಾಠ ಮಾಡಿ. ಆದೇಶ ಮುರಿದರೆ ಕರೆ ಮಾಡಿ ಮೊದಲು ಕೇಸಿನ ನಂಬರ್ ಹೇಳಿ, ಆಮೇಲೆ ಮನೆಯ ಹೆಸರು, ಆಮೇಲೆ ನಡೆದದ್ದು. ಅದೇ ದಿನ ಸಂರಕ್ಷಣಾಧಿಕಾರಿಗೂ ತಿಳಿಸಿ. ಹಾಲಿನ ಪುಸ್ತಕದಲ್ಲಿ ಬರೆಯುವುದನ್ನು ಸುಮಾ ಈಗಲೂ ನಿಲ್ಲಿಸಿಲ್ಲ. ಜನವರಿಯಲ್ಲಿ ಮೂರು ಸಾಲು ಇದ್ದವು, ಫೆಬ್ರವರಿಯಲ್ಲಿ ಒಂದು.